ಸವಕಳಿ ದುಡ್ಡು

ಸಾಗರ್ ತಗಡು ಒತ್ತುವ ಹಳೆಯ ಪ್ರೆಸ್ ಒಂದನ್ನು ಕೊಳ್ಳುತ್ತೇನೆ ಎಂದಾಗ ಅವನ ಹೆಂಡತಿ ವರ್ಷಿಣಿ ಬೆಲೆ ಕೇಳಲಿಲ್ಲ. ಅದರ ಮುಂದೆ ಕೂರುವವರು ಯಾರು ಎಂದು ಕೇಳಿದಳು. ಇನ್ಯಾರು, ಸುನಿಲ್ ಅಂದ ಸಾಗರ್. ಸುನಿಲ್ ಅಂದರೆ ಅವನ ತಮ್ಮ. ಹೆಬ್ಬಾಳದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅಣ್ಣತಮ್ಮಂದಿರದು ಒಂದು ಚಿಕ್ಕ ಶೆಡ್ಡು. ತಗಡು ಕತ್ತರಿಸಿ, ಒತ್ತಿ, ಸ್ಕೂಟರಿಗೆ ಬೇಕಾದ ಸಣ್ಣಪುಟ್ಟ ಪಟ್ಟಿಗಳನ್ನು ಮಾಡಿಕೊಡುವ ಕೆಲಸ. ಆಳುಕಾಳು ಸೇರಿ ಆರು ಜನ. ಲೆಕ್ಕಪತ್ರವೆಲ್ಲ ವರ್ಷಿಣಿಯದು. ಬಿ.ಎ. ಓದಿದವಳು, ಲೆಕ್ಕ ಕಲಿತದ್ದು ಮದುವೆಯಾದ ಮೇಲೆ, ತಾನಾಗಿ ಬಿದ್ದು ಎದ್ದು. ಆದರೂ ಮನೆಯಲ್ಲಿ ಅವಳ ಮಾತೆಂದರೆ ಮಾತು. ಅತ್ತಿಗೆ ಕೈಲಿ ಲೆಕ್ಕ ಇರೋವರ್ಗೂ ನಂಗೇನ್ ಭಯ ಎಂದು ಸುನಿಲ್ ನೆಂಟರಿಷ್ಟರ ಮುಂದೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅದನ್ನು ಕೇಳಿದಾಗ ಅವಳಿಗೆ ಒಳಗೊಳಗೇ ಹಿಗ್ಗು. ಹಿಗ್ಗದೆ ಏನು ಮಾಡುತ್ತಾಳೆ, ಅವಳೂ ಮನುಷ್ಯಳೇ ತಾನೆ?

ನಂಜನಗೂಡಿನ ಕಡೆಯ ದೊಡ್ಡ ಕಂಪನಿಯೊಂದು ಹೊಸ ಆರ್ಡರು ಕೊಡುತ್ತೇನೆ ಅಂದಿತ್ತು. ನೂರು ಟನ್ ಭಾರದಲ್ಲಿ ಒತ್ತುವ ಪ್ರೆಸ್ ಇದ್ದರೆ ಮಾತ್ರ. ಹೊಸದರ ಬೆಲೆ ಕೇಳಿ ಸಾಗರ್ ಬಾಯಿ ಮುಚ್ಚಿಕೊಂಡು ಬಂದಿದ್ದ. ಮುಚ್ಚಿಹೋದ ಕಾರ್ಖಾನೆಯೊಂದರಲ್ಲಿ ಹಳೆಯದು ಸಿಕ್ಕಿತು. ಅದನ್ನು ತಂದು, ಪಾಯ ಹಾಕಿ, ಕೂರಿಸಿ, ಅಚ್ಚುಗಳನ್ನೂ ಮಾಡಿಸಿದರೆ ಒಟ್ಟು ಹದಿನೈದು ಲಕ್ಷ. ಹನ್ನೊಂದೂಕಾಲು ಲಕ್ಷ ಬ್ಯಾಂಕಿನದು, ಉಳಿದದ್ದು ಕೈಯಿಂದ.

ಹಳೇ ಮಿಷನ್ನಿಗೆ ಬ್ಯಾಂಕು ಸುಮ್ಮನೆ ಸಾಲ ಕೊಡುತ್ತದೆಯೇ? ಇಂಜಿನಿಯರೊಬ್ಬರು ಬಂದು ನೋಡಿ ಸರ್ಟಿಫಿಕೇಟು ಕೊಡಬೇಕು. ಬಂದ ಇಂಜಿನಿಯರು ಪ್ರೆಸ್ಸಿನ ಸುತ್ತ ಓಡಾಡಿ, ಬಗ್ಗಿ, ತಟ್ಟಿ, ಇದು ಇನ್ನು ಆರು ವರ್ಷ ಬಾಳುತ್ತದೆ ಎಂದು ಬರೆದರು. ಅದರ ಕೆಳಗೇ ಇನ್ನೊಂದು ಮಾತನ್ನೂ ಬರೆದರು: ಎರಡನೇ ವರ್ಷ ಕ್ಲಚ್ಚು, ಬ್ರೇಕು ಬಿಚ್ಚಿ ಹೊಸದು ಹಾಕಿಸಬೇಕು, ಕೈಗೆ ತಡೆ ಬರುವ ಗಾರ್ಡು ಕೂರಿಸಬೇಕು. ಅಂದಾಜು ಎರಡೂವರೆ ಲಕ್ಷ. ಯಾಕೆ ಎಂದು ಸುನಿಲ್‌ನೇ ಅತ್ತಿಗೆಗೆ ಬಿಡಿಸಿ ಹೇಳಿದ. ಪೆಡಲು ಒಂದು ಸಲ ಒತ್ತಿದರೆ ಪ್ರೆಸ್ಸು ಒಂದು ಸಲ ಇಳಿದು, ಮೇಲೆ ಹೋಗಿ ನಿಲ್ಲಬೇಕು. ಕ್ಲಚ್ಚು ಸವೆದರೆ ನಿಲ್ಲುವುದಿಲ್ಲ, ಒತ್ತದಿದ್ದರೂ ಮತ್ತೊಂದು ಸಲ ಇಳಿಯುತ್ತದೆ. ಶೆಡ್ಡಿನವರು ಅದಕ್ಕೆ ಡಬಲ್ ಹೊಡೆಯೋದು ಅನ್ನುತ್ತಾರೆ. ಆಗ ಕೈ ಒಳಗಿದ್ದರೆ ಮುಗಿಯಿತು.

ಬ್ಯಾಂಕಿಗೆ ಕೊಡುವ ಯೋಜನಾ ವರದಿ ಬರೆದುಕೊಡಲು ಲಕ್ಷ್ಮೀಪುರಂನ ಆಡಿಟರ್ ಸುದರ್ಶನ ಅವರ ಬಳಿಗೆ ಗಂಡಹೆಂಡತಿ ಹೋದರು. ಅವರ ಅಜ್ಜ ಅರಮನೆಯ ಖಜಾನೆಯಲ್ಲಿ ಗುಮಾಸ್ತರಾಗಿದ್ದವರಂತೆ, ಅವರ ಫೋಟೋ ಗೋಡೆಯ ಮೇಲೆ. ಸುದರ್ಶನ ಅವರು ಕೆಟ್ಟವರೇನಲ್ಲ. ಕಾಫಿ ತರಿಸಿ, ಅಮ್ಮಾ ಎಂದೇ ಮಾತಾಡಿಸುತ್ತಾರೆ. ವರದಿಯಲ್ಲಿ, ಯಾವ ವರ್ಷ ಯಾವ ಯಂತ್ರಕ್ಕೆ ಎಷ್ಟು ಬಂಡವಾಳ ಹಾಕುತ್ತೀರಿ ಎಂಬುದಕ್ಕೆ ಒಂದು ಪಟ್ಟಿ. ಆ ಯಂತ್ರ ವರ್ಷ ವರ್ಷ ಎಷ್ಟು ಸವೆಯುತ್ತದೆ ಎಂಬುದಕ್ಕೆ ಇನ್ನೊಂದು ಪಟ್ಟಿ. ಹದಿನೈದು ಲಕ್ಷದಲ್ಲಿ ಕೊನೆಗೆ ಗುಜರಿಗೆ ಹಾಕಿದರೆ ಒಂದೂವರೆ ಲಕ್ಷ ಬಂದೀತು. ಉಳಿದ ಹದಿಮೂರೂವರೆಯನ್ನು ಆರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಎರಡೂಕಾಲು ಲಕ್ಷ ಸವಕಳಿ. ತೆರಿಗೆಗೆ ಲೆಕ್ಕದ ರೀತಿಯೇ ಬೇರೆ, ಇದು ಬ್ಯಾಂಕಿನವರಿಗೆ ಅಂದರು. ವರ್ಷಿಣಿ ತಲೆಯಾಡಿಸುತ್ತಾ ಬರೆದುಕೊಂಡಳು.

ತೊಡಕು ಬಂದದ್ದು ಎರಡನೇ ವರ್ಷದ ಲೆಕ್ಕದಲ್ಲಿ. ಕ್ಲಚ್ಚಿನ ಎರಡೂವರೆ ಲಕ್ಷವನ್ನು ಬಂಡವಾಳದ ಪಟ್ಟಿಗೆ ಸೇರಿಸಿದ ಕೂಡಲೇ ಆ ವರ್ಷದ ಕೊನೆಗೆ ಕೈಯಲ್ಲಿ ಉಳಿಯುವ ಹಣ ಸೊನ್ನೆಗಿಂತ ಕೆಳಗೆ ಇಳಿಯಿತು. ಇಂಥಾ ವರದಿಯನ್ನು ಬ್ಯಾಂಕಿನವರು ಮೂಸಿಯೂ ನೋಡುವುದಿಲ್ಲ. ಸರಿಯಾದ ದಾರಿ ಇರಲಿಲ್ಲ ಅಂತಲ್ಲ. ಕ್ಲಚ್ಚನ್ನು ಮೊದಲೇ ಸರಿಮಾಡಿಸಿ ಆ ಖರ್ಚನ್ನೂ ಸಾಲದಲ್ಲಿ ಸೇರಿಸಿ ಕೇಳಬಹುದಿತ್ತು. ಆದರೆ ಅದಕ್ಕೆ ತಕ್ಕ ಹಾಗೆ ಕೈಯಿಂದ ಹಾಕುವ ಪಾಲೂ ಏರುತ್ತಿತ್ತು, ಸಾಗರ್‌ನ ಕೈ ಬರಿದಾಗಿತ್ತು. ಆರ್ಡರಿಗೆ ಗಡುವು ಬೇರೆ. ಸುದರ್ಶನ ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಪಟ್ಟಿಯಿಂದ ಕ್ಲಚ್ಚಿನ ಸಾಲನ್ನು ಅಳಿಸಿದರು.

“ರಿಪೇರಿ ತಾನೆ, ಸವಕಳಿಯಲ್ಲೇ ಬಂತು ಬಿಡಿ,” ಅಂದರು.

ಇಂಜಿನಿಯರು ಬರೆದ ಎರಡು ಮಾತಿನಲ್ಲಿ ಆರು ವರ್ಷದ ಆಯಸ್ಸು ಉಳಿಯಿತು, ಆ ಆಯಸ್ಸಿಗೆ ಹಾಕಿದ ಷರತ್ತು ಹೋಯಿತು. ಬ್ಯಾಂಕಿನವರೂ ಕೆದಕಲಿಲ್ಲ. ವರ್ಷಿಣಿಯ ತಲೆಯಲ್ಲಿ ಮಾತ್ರ ಆಡಿಟರು ಆಡಿದ ಸವಕಳಿಯ ಮಾತು ಬೇರೆ ಥರ ಕೂತುಬಿಟ್ಟಿತು. ವರ್ಷಕ್ಕೆ ಎರಡೂಕಾಲು ಲಕ್ಷ ಸವಕಳಿ ಎಂದರೆ ಮಿಷನ್ನಿಗೆಂದೇ ಅಷ್ಟು ದುಡ್ಡು ಪಕ್ಕಕ್ಕೆ ಇರುತ್ತದೆ ಎಂದುಕೊಂಡಳು. ಎಲ್ಲಿ ಇರುತ್ತದೆ, ಯಾವ ಖಾತೆಯಲ್ಲಿ, ಯಾರು ಇಡುತ್ತಾರೆ ಎಂದು ಕೇಳಬೇಕು ಅನ್ನಿಸಲಿಲ್ಲ. ಆಡಿಟರು ಬರೆದಿದ್ದಾರೆ, ಬ್ಯಾಂಕು ಒಪ್ಪಿದೆ, ಇದ್ದೇ ಇರುತ್ತದೆ ಎಂಬ ನಂಬಿಕೆ. ಮನೆಗೆ ಬಂದು ಸುನಿಲ್‌ಗೆ ಹಾಗೇ ಹೇಳಿದಳು. ನೀನು ಯೋಚನೆ ಮಾಡಬೇಡ ಕಣಪ್ಪ, ಕ್ಲಚ್ಚಿಗೆ ಅಂತಲೇ ಸವಕಳಿ ದುಡ್ಡು ತೆಗೆದಿಡುತ್ತೀವಿ ಅಂದಳು. ಅವನು ಸರಿ ಅಂದ. ಯಾಕೆ ಅನ್ನುವುದಿಲ್ಲ?

ಮೊದಲ ವರ್ಷ ಚೆನ್ನಾಗಿಯೇ ನಡೆಯಿತು. ಪ್ರೆಸ್ಸು ಬೆಳಗಿನಿಂದ ಸಂಜೆಯವರೆಗೆ ಬಡಿದದ್ದೇ ಬಡಿದದ್ದು. ಕಂತು ತಪ್ಪಲಿಲ್ಲ. ವರ್ಷದ ಕೊನೆಗೆ ಸುದರ್ಶನ ಅವರು ಕಳಿಸಿದ ಲೆಕ್ಕದಲ್ಲಿ ಸವಕಳಿಯ ಎದುರು ಎರಡೂಕಾಲು ಲಕ್ಷ ಎಂದೇ ಇತ್ತು. ಅದನ್ನು ನೋಡಿ ವರ್ಷಿಣಿಗೆ ನೆಮ್ಮದಿ.

ಎರಡನೇ ವರ್ಷ ಆಷಾಢ ಕಳೆಯುವ ಹೊತ್ತಿಗೆ ಸುನಿಲ್ ಮಧ್ಯಾಹ್ನದ ಊಟದ ಡಬ್ಬಿ ಕೈಯಲ್ಲಿ ಹಿಡಿದೇ ಆಫೀಸಿನ ಬಾಗಿಲಲ್ಲಿ ನಿಂತ.

“ಇವತ್ತು ಡಬಲ್ ಹೊಡೀತು ಕಣತ್ತಿಗೆ. ಇಕ್ಕಳದಲ್ಲಿ ಹಿಡ್ದಿದ್ದೆ, ಸರಿಹೋಯ್ತು.”

ನಾಳೆಯೇ ದುಡ್ಡು ತರುತ್ತೇನೆ ಎಂದು ವರ್ಷಿಣಿ ಮಾರನೇ ದಿನ ಲಕ್ಷ್ಮೀಪುರಂಗೆ ಹೊರಟಳು. ಸವಕಳಿ ದುಡ್ಡು ಬೇಕಿತ್ತು ಸರ್, ಯಾವ ಖಾತೆಯಿಂದ ತೆಗೀಬೇಕು ಎಂದು ಕೇಳಿದಳು. ಸುದರ್ಶನ ಅವರು ಮೊದಲು ನಕ್ಕರು. ಅವಳು ತಮಾಷೆಗೆ ಕೇಳುತ್ತಿಲ್ಲ ಎಂದು ಗೊತ್ತಾದ ಮೇಲೆ ನಗು ನಿಲ್ಲಿಸಿದರು.

“ಸವಕಳಿ ಅಂದ್ರೆ ದುಡ್ಡಲ್ಲಮ್ಮ. ಮಿಷನ್ ಸವೀತಿದೆ ಅನ್ನೋದನ್ನ ಪುಸ್ತಕದಲ್ಲಿ ಖರ್ಚು ಅಂತ ತೋರ್ಸೋದು, ಅಷ್ಟೆ. ನಾವಾಗಿ ಬೇರೆ ಖಾತೆಗೆ ಎತ್ತಿಟ್ರೆ ಇರತ್ತೆ, ಇಲ್ದಿದ್ರೆ ಇಲ್ಲ.”

ಆಮೇಲೆ ಸಮಾಧಾನವಾಗಿಯೇ ಬಿಡಿಸಿ ಹೇಳಿದರು. ಸವಕಳಿಯೆಂದು ಕಳೆದ ಮೊತ್ತ ನಿಜವಾಗಿ ಯಾರ ಕೈಗೂ ಹೋಗುವುದಿಲ್ಲವಾದ್ದರಿಂದ ಬ್ಯಾಂಕಿನವರು ಸಾಲ ತೀರಿಸುವ ಶಕ್ತಿ ಲೆಕ್ಕ ಹಾಕುವಾಗ ಅದನ್ನು ಲಾಭಕ್ಕೆ ಮತ್ತೆ ಕೂಡಿಸುತ್ತಾರೆ. ಸಾಲದ ಅಸಲಿನ ಕಂತೂ ವರ್ಷಕ್ಕೆ ಎರಡೂಕಾಲು ಲಕ್ಷವೇ. ಸವಕಳಿಯ ಹೆಸರಿನಲ್ಲಿ ಉಳಿದದ್ದು ಅಷ್ಟೂ ಕಂತಿಗೆ ಹೋಗಿತ್ತು. ಇನ್ನುಳಿದ ಚೂರುಪಾರು ಲಾಭವೋ, ಮನೆ ಖರ್ಚಿಗೆ, ಸುನಿಲ್‌ನ ಮದುವೆಗೆ ಎಂದು ಅವಳೇ ತೆಗೆದಿದ್ದಳು. ವರ್ಷಿಣಿ ಕಾಫಿ ಮುಟ್ಟದೆ ಎದ್ದು ಬಂದಳು. ಅವರ ಮೇಲೆ ಬಂದ ಸಿಟ್ಟು ಮೆಟ್ಟಿಲಿಳಿಯುವಷ್ಟರಲ್ಲಿ ತನ್ನ ಮೇಲೇ ತಿರುಗಿತು.

ಸಾಗರ್‌ಗೆ ಹೇಳಿದಳು. ಅವನು ತಲೆ ಮೇಲೆ ಕೈ ಹೊತ್ತು ಕೂತ. ಪ್ರೆಸ್ಸು ಬಿಚ್ಚಿದರೆ ಎರಡು ವಾರ ಕೆಲಸ ನಿಲ್ಲುತ್ತದೆ, ಮಾಲು ತಪ್ಪಿದರೆ ಆರ್ಡರು ಹೋಗುತ್ತದೆ, ಆರ್ಡರು ಹೋದರೆ ಕಂತು ಹೋಗುತ್ತದೆ. ಮೇಲಿಂದ ಕ್ಲಚ್ಚಿಗೆ ದುಡ್ಡೂ ಇಲ್ಲ. ಬ್ರೇಕು ಬಿಗಿ ಮಾಡಿಸಿ ದಸರಾವರೆಗೆ ತಳ್ಳೋಣ, ಕಂಪನಿಯಿಂದ ಬಿಲ್ಲಿನ ದುಡ್ಡು ಬಂದ ಮೇಲೆ ನೋಡೋಣ ಅಂದ. ಸುನಿಲ್‌ಗೆ ಏನು ಹೇಳೋದು ಎಂದು ಅವಳು ಕೇಳಿದಳು. ನೀನೇ ಏನಾದ್ರೂ ಹೇಳು ಅಂದ.

ಇಲ್ಲಿ ಅವಳು ನಿಜ ಹೇಳಬೇಕಿತ್ತು. ದುಡ್ಡಿಲ್ಲ ಕಣೋ, ನಾನು ತಪ್ಪು ತಿಳ್ಕೊಂಡಿದ್ದೆ ಎಂದು ಒಂದು ಮಾತು ಹೇಳಿದ್ದರೆ ಅವನು ಪ್ರೆಸ್ಸಿನ ಮುಂದೆ ಕೂರುತ್ತಿರಲಿಲ್ಲವೇನೋ, ಅಥವಾ ಹೆದರಿ ಹೆದರಿ ಕೂರುತ್ತಿದ್ದ, ಕೈಯನ್ನಂತೂ ಒಳಗೆ ಹಾಕುತ್ತಿರಲಿಲ್ಲ. ಆದರೆ ಅವನು ಎದುರಿಗೆ ಬಂದು ನಿಂತಾಗ ಅವಳಿಂದ ಅದು ಆಗಲಿಲ್ಲ. ಅಷ್ಟು ದಿನ ತನ್ನನ್ನು ತಲೆಯ ಮೇಲೆ ಹೊತ್ತುಕೊಂಡು ಮೆರೆಸಿದ ಹುಡುಗನ ಮುಂದೆ, ನನಗೆ ಲೆಕ್ಕವೇ ಬರುವುದಿಲ್ಲ ಎಂದು ಹೇಳುವುದು ಹೇಗೆ? ಹಾಳು ಮರ್ಯಾದೆ. ದುಡ್ಡು ಇದೆ ಕಣಪ್ಪ, ಸಾಮಾನು ಬರಬೇಕು, ಮುಂದಿನ ತಿಂಗಳು ಹಾಕಿಸೋಣ ಅಂದುಬಿಟ್ಟಳು.

“ದುಡ್ಡಿದ್ರೆ ಆಯ್ತು ಬುಡಿ. ಒಂದ್ ತಿಂಗಳು ತಾನೆ, ಎಂಗೋ ತಳ್ತೀನಿ,” ಅಂದ ಸುನಿಲ್.

ಬ್ರೇಕು ಬಿಗಿ ಮಾಡಿದ ಮೇಲೆ ಪ್ರೆಸ್ಸು ಸ್ವಲ್ಪ ದಿನ ಸುಮ್ಮನಿತ್ತು. ಅದು ಸರಿಹೋಯಿತು ಎಂದು ಎಲ್ಲರಿಗೂ ಅನ್ನಿಸಿತು. ವರ್ಷಿಣಿ ಮಾತ್ರ ಆಫೀಸಿನಲ್ಲಿ ಕೂತು ಅದರ ಬಡಿತವನ್ನೇ ಕೇಳುತ್ತಿದ್ದಳು. ಒಂದು ಹೊಡೆತ, ಆಮೇಲೆ ಬಿಡುವು, ಮತ್ತೊಂದು ಹೊಡೆತ. ಗೌರಿ ಹಬ್ಬಕ್ಕೆ ಮುಂಚಿನ ಒಂದು ಬೆಳಿಗ್ಗೆ ನಡುವೆ ಬಿಡುವಿಲ್ಲದೆ ಎರಡು ಹೊಡೆತ ಕೇಳಿತು. ಅವಳು ಕುರ್ಚಿಯಿಂದ ಎದ್ದಳು. ಅಷ್ಟರಲ್ಲಿ ಶೆಡ್ಡಿನಲ್ಲಿ ಕೂಗು ಎದ್ದಿತ್ತು. ತಗಡು ಅಚ್ಚಿಗೆ ಕಚ್ಚಿಕೊಂಡಿತ್ತಂತೆ, ಇಕ್ಕಳಕ್ಕೆ ಸಿಗಲಿಲ್ಲವಂತೆ, ಬೆರಳಿನಲ್ಲಿ ಎಬ್ಬಿಸಲು ಹೋಗಿದ್ದನಂತೆ. ಬಲಗೈಯ ನಾಲ್ಕು ಬೆರಳು ಹೋದವು. ಹೆಬ್ಬೆರಳು ಉಳಿಯಿತು.

ಆಸ್ಪತ್ರೆಯಲ್ಲಿ ಸುನಿಲ್‌ನ ಹೆಂಡತಿ ಪ್ರೀತಿ ಅತ್ತೂ ಅತ್ತೂ ಸೊರಗಿದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಸಾಗರ್ ಔಷಧಿ ಚೀಟಿ ಹಿಡಿದು ಮೇಲೂ ಕೆಳಗೂ ಓಡಾಡುತ್ತಿದ್ದ, ತಮ್ಮನ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ವರ್ಷಿಣಿ ಮಂಚದ ಪಕ್ಕ ಕೂತಳು. ಇವತ್ತು ಎಲ್ಲವನ್ನೂ ಹೇಳಿಬಿಡಬೇಕು, ಕಾಲಿಗೆ ಬಿದ್ದಾದರೂ ಹೇಳಿಬಿಡಬೇಕು ಎಂದುಕೊಂಡೇ ಬಂದಿದ್ದಳು. ಬಟ್ಟೆ ಸುತ್ತಿದ ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟಿದ್ದರು. ಸುನಿಲ್ ಕಣ್ಣುಬಿಟ್ಟ. ಮೊದಲು ಕೇಳಿದ್ದು ಮಿಷನ್ ನಿಲ್ಲಿಸಿದೀರಾ ಎಂದು. ನಿಲ್ಲಿಸಿದ್ದೀವಿ ಅಂದಳು. ಅವನು ತನ್ನ ಹೆಂಡತಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದ.

“ಇನ್ನೊಬ್ಬನ್ನ ಕೂರ್ಸೋಕ್ ಮುಂಚೆ ಕ್ಲಚ್ ಹಾಕ್ಸಿಬುಡಿ ಅತ್ತಿಗೆ. ಅಣ್ಣ ನನ್ ಆಸ್ಪತ್ರೆ ಬಿಲ್ಲಿಗೆ ಅಂತ ಆ ಸವಕಳಿ ದುಡ್ಡು ಕೇಳ್ತಾನೆ, ಕೊಡ್ಬೇಡಿ. ಅದು ಮಿಷನ್‌ಗೆ ಅಂತ ಇಟ್ಟಿರೋದು. ಮುಟ್ಬೇಡಿ.”

ಅವಳು ಬಾಯಿ ತೆರೆದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ.

“ಮುಟ್ಟಲ್ಲ ಕಣಪ್ಪ,” ಅಂದಳು.

ಅವನು ಕಣ್ಣು ಮುಚ್ಚಿ ನಿದ್ದೆ ಹೋದ.