ಪ್ಲ್ಯಾಟರ್ ಹೋಗಿದೆ ಅತ್ತಿಗೆ

ಮೈದುನ ಹಾರ್ಡ್ ಡಿಸ್ಕನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದ. ಕಣ್ಣು ಮುಚ್ಚಿ ಆಲಿಸಿದ. ಆಮೇಲೆ ಅದನ್ನು ಮೇಜಿನ ಮೇಲಿಟ್ಟು, "ಪ್ಲ್ಯಾಟರ್ ಹೋಗಿದೆ ಅತ್ತಿಗೆ. ಮುಗೀತು" ಎಂದ. ಇಷ್ಟು ಬೇಗ ಯಾವ ಡಾಕ್ಟರೂ ಯಾರನ್ನೂ ಕೈಬಿಟ್ಟದ್ದನ್ನು ಟೀಚರಮ್ಮ ಕಂಡಿರಲಿಲ್ಲ. ಈ ಒಂದು ವರ್ಷದಲ್ಲಿ ಅವರು ಕಂಡ ಡಾಕ್ಟರುಗಳಿಗೆ ಲೆಕ್ಕವಿರಲಿಲ್ಲ.

ಹಿಂದಿನ ದಿನ ಮಧ್ಯಾಹ್ನ ಹೋದ ಕರೆಂಟು, ಬರುವಾಗ ಹೆಚ್ಚೇ ಹುಮ್ಮಸ್ಸಿನಿಂದ ಬಂದಿತ್ತು. ಬೀದಿಯಲ್ಲಿ ನಾಲ್ಕು ಟಿವಿ, ಒಂದು ಫ್ರಿಜ್ಜು ಸುಟ್ಟವು. ಟೀಚರಮ್ಮನ ಮನೆಯಲ್ಲಿ ಸತ್ತದ್ದು ಈ ಡಿಸ್ಕು ಒಂದೇ. ಆದರೆ ಅದರೊಳಗೆ ಇದ್ದದ್ದು ಅವರ ದನಿ.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದ ಗಂಟಲು ಅದು. ಏಳು ತಿಂಗಳ ಹಿಂದೆ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದುಹಾಕಿದರು. ಆಪರೇಷನ್ನಿಗೆ ಮುಂಚೆ ಮೂರು ವಾರ, ದಿನಾ ಕಿಟಕಿ ಬಾಗಿಲು ಮುಚ್ಚಿ ಕೂತು, ಆಸ್ಪತ್ರೆಯವರು ಕೊಟ್ಟ ಪಟ್ಟಿಯಿಂದ ಸಾವಿರದ ಆರುನೂರು ವಾಕ್ಯಗಳನ್ನು ಓದಿ ರೆಕಾರ್ಡು ಮಾಡಿದ್ದರು. ಅವನ್ನು ಆಸ್ಪತ್ರೆಗೆ ಕಳಿಸಿಕೊಟ್ಟರೆ, ಟೀಚರಮ್ಮ ಟೈಪು ಮಾಡಿದ್ದನ್ನೆಲ್ಲ ಅವರದೇ ದನಿಯಲ್ಲಿ ಮಾತಾಡುವ ಯಂತ್ರ ತಯಾರಾಗುತ್ತಿತ್ತು. ಕಳಿಸುವ ಕೆಲಸ ಮೈದುನನದು. ಮನೆಯಲ್ಲಿ ಕಂಪ್ಯೂಟರ್ ಗೊತ್ತಿರುವವನು ಅವನೇ ಎಂದು ಅವನೇ ಹೇಳಿದ್ದ. ಏಳು ತಿಂಗಳಿಂದ ನಾಳೆ ಕಳಿಸುತ್ತಿದ್ದ.

"ಬ್ಯಾಕಪ್ ಇದೆಯಲ್ಲ?" ಎಂದು ಯಜಮಾನರು ಆಸೆಯಿಂದ ಕೇಳಿದರು. ಇದೆ ಎಂದ ಮೈದುನ. ಎಲ್ಲಿ ಎಂದರೆ, ಇದೇ ಡಿಸ್ಕಿನಲ್ಲಿ, ಬೇರೆ ಫೋಲ್ಡರಿನಲ್ಲಿ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆಂದು ಅಲ್ಲಿಯದನ್ನು ಅಳಿಸಿದ್ದ. ಆ ಕ್ಷಣ ಟೀಚರಮ್ಮನಿಗೆ ಬಂದ ಸಿಟ್ಟಿಗೆ ದನಿಯೊಂದಿದ್ದರೆ ಬೀದಿಯ ಐದನೇ ಟಿವಿಯೂ ಸುಡುತ್ತಿತ್ತು.

ಅವರು ಕೊರಳಿಗೆ ತೂಗುಹಾಕಿಕೊಂಡಿದ್ದ ಸ್ಲೇಟಿನಲ್ಲಿ, "ಅಡಾಪ್ಟರ್ ನೋಡಿದೆಯಾ?" ಎಂದು ಬರೆದು ಎತ್ತಿ ಹಿಡಿದರು. ಮೈದುನ ಓದಲಿಲ್ಲ. ಅವನು ಫೋನಿನಲ್ಲಿ ಗೆಳೆಯನೊಬ್ಬನ ಹತ್ತಿರ ಮಾತಾಡುತ್ತಿದ್ದ. ಡಿಸ್ಕನ್ನು ಕಣ್ಣಿಂದ ಕೂಡ ನೋಡದ ಆ ಗೆಳೆಯ ಅಲ್ಲಿಂದಲೇ ಪ್ಲ್ಯಾಟರ್ ಸುಟ್ಟಿದೆ ಎಂದು ಒಪ್ಪಿಗೆ ಮುದ್ರೆ ಒತ್ತಿದ. ಮಾಹಿತಿ ಕೂತಿರುವ ಆ ಒಳತಟ್ಟೆಗಳು ಹೇಗೆ ಸುಡುತ್ತವೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. ಮಾತು ಬಾರದವಳಿಗೆ ಕಿವಿಯೂ ಕೇಳದು, ಬುದ್ಧಿಯೂ ಸಾಲದು ಎಂದು ಈ ಏಳು ತಿಂಗಳಲ್ಲಿ ಮನೆಯವರೆಲ್ಲ ಯಾರೂ ಹೇಳಿಕೊಡದೆ ಕಲಿತಿದ್ದರು.

ಟೀಚರಮ್ಮ ಎದ್ದು ಹೋಗಿ ಬೀರುವಿನಿಂದ ತಮ್ಮ ಹಳೆಯ ಮಲ್ಟಿಮೀಟರ್ ತಂದರು. ಡಿಸ್ಕಿನ ಅಡಾಪ್ಟರನ್ನು ಗೋಡೆಗೆ ಸಿಕ್ಕಿಸಿ, ಮೀಟರಿನ ಕೆಂಪು ಕಡ್ಡಿಯನ್ನು ಪಿನ್ನಿನ ತೂತಿಗೂ ಕಪ್ಪು ಕಡ್ಡಿಯನ್ನು ಅದರ ಹೊರಮೈಗೂ ತಾಗಿಸಿದರು. ಹನ್ನೆರಡು ವೋಲ್ಟು ಬರಬೇಕಾದಲ್ಲಿ ಸೊನ್ನೆ. ಮೀಟರನ್ನು ಮೈದುನನ ಮೂಗಿನ ಕೆಳಗೆ ಹಿಡಿದರು.

"ಅಷ್ಟೇನಾ," ಎಂದ ಅವನು, ತಾನೇ ಕಂಡುಹಿಡಿದವನಂತೆ. ಕೂಡಲೇ ಲ್ಯಾಪ್‌ಟಾಪಿನ ಚಾರ್ಜರ್ ಎತ್ತಿಕೊಂಡ. ಪಿನ್ನು ಸರಿಯಾಗಿ ಕೂರುತ್ತದಂತೆ. ಹತ್ತೊಂಬತ್ತು ವೋಲ್ಟು ಎಂದು ಅದರ ಬೆನ್ನ ಮೇಲೇ ಬರೆದಿತ್ತು. ಬರೆದದ್ದನ್ನು ಓದುವ ಅಭ್ಯಾಸ ಅವನಿಗೆ ಇರಲಿಲ್ಲ. ಟೀಚರಮ್ಮ ಅವನ ಮಣಿಕಟ್ಟಿಗೆ ಒಂದು ಬಿಟ್ಟರು.

ಯಜಮಾನರು ಹೋಗಿ ಹನ್ನೆರಡು ವೋಲ್ಟು, ಎರಡು ಆಂಪಿಯರಿನ ಹೊಸ ಅಡಾಪ್ಟರ್ ತಂದರು. ಸಿಕ್ಕಿಸಿದರೆ ಡಿಸ್ಕು ತಿರುಗಲಿಲ್ಲ. ಅಡಾಪ್ಟರಿನ ಹಸಿರು ದೀಪ ಮಾತ್ರ ಹತ್ತಿ ಆರಿ, ಹತ್ತಿ ಆರಿ ಮಿಣುಕಿತು.

ಮೈದುನನಿಗೆ ಜೀವ ಬಂತು. ನಾನು ಹೇಳಲಿಲ್ಲವಾ ಎಂದು ಎದ್ದು, ನಕ್ಷತ್ರದ ಮೂತಿಯ ಸ್ಕ್ರೂಡ್ರೈವರ್ ಹಿಡಿದು ಬಂದ. ಡಿಸ್ಕಿನ ಮುಚ್ಚಳ ತೆಗೆದು ಪ್ಲ್ಯಾಟರನ್ನು ಕಣ್ಣಾರೆ ತೋರಿಸಿಬಿಡುತ್ತಾನಂತೆ. ಆ ಮುಚ್ಚಳ ತೆರೆದು ಒಂದು ಧೂಳಿನ ಕಣ ಒಳಗೆ ಹೋದರೂ ಇವನ ಮಾತೇ ನಿಜವಾಗುತ್ತಿತ್ತು. ಟೀಚರಮ್ಮ ಬೇಡ ಎಂದು ಕೂಗಲು ಬಾಯಿ ತೆರೆದರು. ಉಸಿರಿಗೆಂದು ಕುತ್ತಿಗೆಯಲ್ಲಿ ಬಿಟ್ಟ ತೂತಿನಿಂದ ಬರೀ ಗಾಳಿ ಬಂತು. ಡಿಸ್ಕನ್ನು ಕಿತ್ತುಕೊಂಡು ಕೈಚೀಲಕ್ಕೆ ಹಾಕಿ, ಅಡಾಪ್ಟರು, ಮೀಟರು ತುರುಕಿ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಮೂಲೆಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಒಬ್ಬ ನಡುವಯಸ್ಸಿನ ಮೆಕ್ಯಾನಿಕ್, ಹಣೆಗೆ ಭೂತಗನ್ನಡಿ ಕಟ್ಟಿಕೊಂಡು ಕೂತಿದ್ದ. ಟೀಚರಮ್ಮ ಬರೆದದ್ದನ್ನು ಪೂರ್ತಿ ಓದಿದ. ಏಳು ತಿಂಗಳಲ್ಲಿ ಸ್ಲೇಟನ್ನು ಕೊನೆಯ ಅಕ್ಷರದವರೆಗೆ ಓದಿದವನು ಅವನೊಬ್ಬನೇ ಎನಿಸಿ ಅವರಿಗೆ ಅಳು ಬಂದಂತಾಯಿತು.

ಇಬ್ಬರೂ ಸೇರಿ ಹೊರಗಿನ ಪ್ಲಾಸ್ಟಿಕ್ ಗೂಡನ್ನಷ್ಟೇ ಬಿಚ್ಚಿ, ಡಿಸ್ಕನ್ನು ಅದರ ಯುಎಸ್‌ಬಿ ಬೋರ್ಡಿನಿಂದ ಬೇರೆ ಮಾಡಿದರು. ಬೋರ್ಡಿಗೆ ಒಂದಕ್ಕೇ ಅಡಾಪ್ಟರ್ ಕೊಟ್ಟಾಗ ಹಸಿರು ದೀಪ ಮಿಣುಕದೆ ಒಂದೇ ಸಮನೆ ಉರಿಯಿತು. ಅಂದರೆ ದೀಪವನ್ನು ಮಿಣುಕಿಸುತ್ತಿದ್ದ ಶಾರ್ಟ್ ಈ ಯುಎಸ್‌ಬಿ ಬೋರ್ಡಿನಲ್ಲಿ ಇಲ್ಲ. ಅಡಾಪ್ಟರಿನ ಕತ್ತು ಹಿಸುಕುತ್ತಿರುವುದು ಡಿಸ್ಕಿನ ಹೊಟ್ಟೆಗೆ ಅಂಟಿದ ಹಸಿರು ಬೋರ್ಡು. ಮೆಕ್ಯಾನಿಕ್ ಮುಚ್ಚಳದ ತಂಟೆಗೆ ಹೋಗದೆ ಆ ಬೋರ್ಡನ್ನಷ್ಟೇ ಬಿಚ್ಚಿದ. ಕರೆಂಟು ಒಳಗೆ ಬರುವ ಕಡೆ ಇದ್ದ ಫ್ಯೂಸನ್ನು ಟೀಚರಮ್ಮ ಮೀಟರಿನಿಂದ ಮುಟ್ಟಿದರು. ಮೀಟರು ಕೀಂ ಎಂದಿತು, ಅಂದರೆ ಕರೆಂಟಿಗೆ ದಾರಿಯಿದೆ, ಫ್ಯೂಸು ನೆಟ್ಟಗಿದೆ. ಪಕ್ಕದಲ್ಲಿ ಹನ್ನೆರಡು ವೋಲ್ಟಿನ ದಾರಿ ಕಾಯುವ ಡಯೋಡನ್ನು ಮುಟ್ಟಿದರು. ಅದೂ ಕೀಂ ಎಂದಿತು. ಕಡ್ಡಿ ತಿರುವಿ ಹಿಡಿದರೂ ಕೀಂ. ನೆಟ್ಟಗಿರುವ ಡಯೋಡಾದರೆ ಹೀಗೆ ಎರಡೂ ಕಡೆಗೆ ಕೂಗಬಾರದಿತ್ತು.

"ಇದೇ ಮೇಡಂ," ಎಂದ ಮೆಕ್ಯಾನಿಕ್. "ಹೆಚ್ಚಿಗೆ ಬಂದ ಕರೆಂಟನ್ನ ತಾನು ನುಂಗಿ ಸತ್ತಿದೆ. ಮಿಕ್ಕಿದ್ದು ಉಳಿದಿರಬಹುದು. ಇದನ್ನ ತೆಗೆದ್ರೆ ಓಡುತ್ತೆ, ಆದರೆ ಕಾವಲು ಇರಲ್ಲ. ಓಡಿದ ತಕ್ಷಣ ಕಾಪಿ ಮಾಡ್ಕೊಂಡುಬಿಡಿ."

ಬಿಸಿಗಾಳಿ ಹಿಡಿದು ಚಿಮಟದಿಂದ ಅದನ್ನು ಎತ್ತಿದ. ಎಳ್ಳಿಗಿಂತ ಸ್ವಲ್ಪ ದೊಡ್ಡ ಕರಿ ಚೂರು. ಮತ್ತೆ ಅಳೆದರು, ಶಾರ್ಟ್ ಹೋಗಿತ್ತು. ಎಲ್ಲ ಜೋಡಿಸಿ ಕರೆಂಟು ಕೊಟ್ಟಾಗ ಒಳಗಿನ ತಟ್ಟೆಗಳು ಸುಯ್ಯೆಂದು ತಿರುಗಿದವು. ಟೀಚರಮ್ಮ ಅಲ್ಲೇ ಎರಡು ಹೊಸ ಡಿಸ್ಕು ಕೊಂಡು, ಎರಡಕ್ಕೂ ಕಾಪಿ ಮುಗಿಯುವವರೆಗೆ ಸ್ಟೂಲಿನಿಂದ ಏಳಲಿಲ್ಲ. ಕಳಿಸಬೇಕಾದದ್ದನ್ನು ಆ ಅಂಗಡಿಯಿಂದಲೇ ತಾವೇ ಕಳಿಸಿದರು.

ಸಂಜೆ ಮನೆಗೆ ಬಂದು ಹೊಸ ಡಿಸ್ಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಸಾವಿರದ ಆರುನೂರೂ ಇವೆ ಎಂದು ಯಜಮಾನರಿಗೆ ತೋರಿಸಿದಾಗ ಅವರಿಗೆ ಮಾತು ಹೊರಡಲಿಲ್ಲ. ಮೈದುನನಿಗೆ ಧಾರಾಳವಾಗಿ ಹೊರಟಿತು. ಅದೇ ಗೆಳೆಯನಿಗೆ ಫೋನು ಹಚ್ಚಿ, ಮೊದಲಿಂದಲೂ ತನಗೆ ಬೋರ್ಡಿನ ಮೇಲೇ ಅನುಮಾನವಿತ್ತು, ಅತ್ತಿಗೆಗೆ ಗಾಬರಿಯಾಗದಿರಲಿ ಎಂದು ಸುಮ್ಮನಿದ್ದೆ ಎಂದು ವಿವರಿಸತೊಡಗಿದ.

ಪಟ್ಟಿಯ ಕೊನೆಯಲ್ಲಿ ಆಸ್ಪತ್ರೆಯವರು ಸ್ವಂತದ ಮಾತುಗಳಿಗೆಂದು ನಲವತ್ತು ಖಾಲಿ ಜಾಗ ಬಿಟ್ಟಿದ್ದರು. ಅಲ್ಲಿ ಹೆಚ್ಚಿನವರು ನಮಸ್ಕಾರ, ಊಟ ಆಯಿತಾ, ನಿಮ್ಮ ಮೇಲೆ ಪ್ರೀತಿಯಿದೆ ಎಂಬುದನ್ನೆಲ್ಲ ತುಂಬುತ್ತಾರಂತೆ. ಟೀಚರಮ್ಮ ಅವನ್ನೂ ತುಂಬಿದ್ದರು. ಜೊತೆಗೆ ಕ್ಲಾಸಿನ ಒಂದಷ್ಟನ್ನೂ ಸೇರಿಸಿದ್ದರು. ಈಗ ಸ್ಪೀಕರಿನ ದನಿ ಪೂರ್ತಿ ಏರಿಸಿ, ಹುಡುಕಿ ಒಂದನ್ನು ಒತ್ತಿದರು.

"ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳೋದು ಕಲಿ. ಅದಕ್ಕೂ ಮಾರ್ಕ್ಸ್ ಕೊಡ್ತೀನಿ. ಕೂತ್ಕೋ."

ಹಿಂದಿನ ಬೆಂಚಿನವರೆಗೆ ಮೈಕಿಲ್ಲದೆ ಮುಟ್ಟುತ್ತಿದ್ದ ದನಿ, ಒಂದು ಎಳೆಯೂ ಕಡಿಮೆಯಿಲ್ಲದೆ ಮನೆ ತುಂಬಿತು. ಯಜಮಾನರು ಮುಖ ಮುಚ್ಚಿಕೊಂಡು ಬಿಕ್ಕಿದರು. ಮೈದುನ ಫೋನು ಕಿವಿಯಲ್ಲಿರುವಂತೆಯೇ, ಹತ್ತಿರ ಯಾವ ಕುರ್ಚಿ ಇದೆಯೆಂದೂ ನೋಡದೆ ಕೂತುಬಿಟ್ಟ.