ಹಸಿರು ಗುರುತು

ಪರೀಕ್ಷೆಯ ಕೋಣೆಯಲ್ಲಿ ಅದೇ ಒಂದು ದಿನ ಮತ್ತೆ ಮತ್ತೆ ನಡೆಯುತ್ತಿತ್ತು. ಅದೇ ಅಜ್ಜಿ ಅದೇ ಮೆಟ್ಟಿಲಿನಿಂದ ಬೀಳುತ್ತಿದ್ದಳು. ಅದೇ ಲಾರಿ ಅದೇ ಸ್ಕೂಟರಿಗೆ ಗುದ್ದುತ್ತಿತ್ತು. ಅದೇ ಬಸುರಿಗೆ ಅದೇ ಹೊತ್ತಿಗೆ ನೋವು ಶುರುವಾಗುತ್ತಿತ್ತು. ಆಂಬುಲೆನ್ಸ್ ಕೇಂದ್ರಕ್ಕೆ ಒಂದು ದಿನ ಬಂದ ಕರೆಗಳನ್ನೆಲ್ಲ ಎತ್ತಿಟ್ಟುಕೊಂಡು, ಆ ಇಡೀ ದಿನವನ್ನು ಕೆಲವೇ ನಿಮಿಷಕ್ಕೆ ಹಿಂಡಿ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸುರಿದು, ಆ ಇನ್ನೊಂದು ಎಷ್ಟು ಬೇಗ ದಾಖಲಿಸಿಕೊಳ್ಳುತ್ತದೆ ಎಂದು ಅಳೆಯುವುದು ಗಡಿಯಾರನ ಕೆಲಸ.

ಗಡಿಯಾರ ಎಂಬುದು ಆಫೀಸಿನವರು ಇಟ್ಟ ಹೆಸರು. ಚಹಾ ಕುದಿಯುವುದನ್ನೂ ಅಳೆಯುವವನು ಎಂಬ ಗೇಲಿ. "ಇವನು ಮದುವೆ ಆದ್ರೂ ಒಂದೊಂದೇ ಬದಲಿಸಿ ನೋಡ್ತಾನೆ, ಮೊದ್ಲು ಅತ್ತೆ, ಆಮೇಲೆ ಮಾವ" ಎಂದು ಪಕ್ಕದ ಮೇಜಿನವನು ನಗುತ್ತಿದ್ದ. ಗಡಿಯಾರನಿಗೆ ನಗು ಬರುತ್ತಿರಲಿಲ್ಲ. ಅವನಿಗೆ ಆಗಾಗ ಬರುತ್ತಿದ್ದುದು ಸಿಟ್ಟೊಂದೇ.

ಪರೀಕ್ಷೆಯ ಯಂತ್ರ ಶುರುವಾದಾಗಲೆಲ್ಲ ಪರದೆಯ ಮೇಲೆ ಅವನ ಅಣ್ಣನ ಹೆಸರು ಮೂಡಿ ಸ್ವಾಗತ ಹೇಳುತ್ತಿತ್ತು. ಅಣ್ಣ ಮೆದುಳು ಜ್ವರಕ್ಕೆ ಹೋಗಿ ವರ್ಷ ಕಳೆದಿತ್ತು. ಆ ಹೆಸರನ್ನು ಅಳಿಸಲು ಯಾರಿಗೂ ಕೈ ಬಂದಿರಲಿಲ್ಲ. ಕೇಂದ್ರದ ಯಂತ್ರವನ್ನು ಮೂರು ಪಟ್ಟು ವೇಗ ಮಾಡಿದವನು ಅವನೇ. ಹಾಗೆಂದು ಬಾಗಿಲಲ್ಲೇ ಅವನ ಫೋಟೋದ ಕೆಳಗೆ ಬರೆದು ತೂಗುಹಾಕಿದ್ದರು.

ಗೋಡೆಯ ಆಚೆ ಹಳೆಯ ಕಾಗದಗಳ ಉಗ್ರಾಣ. ಅಲ್ಲಿ ಅತ್ತಿಗೆ ಕೂರುತ್ತಿದ್ದಳು, ಅಣ್ಣನ ಹೆಂಡತಿ. ಮೊದಲು ಅವಳ ಜಾಗ ಫೋನಿನ ಮುಂದೆ ಇತ್ತು. ಒಂದು ಸಂಜೆ ಒಬ್ಬ ಮುದುಕ ಕರೆ ಮಾಡಿ ಹೆಂಡತಿಗೆ ಉಸಿರು ಕಟ್ಟಿದೆ, ನೀಲಿ ಗೇಟಿನ ಮನೆ, ಬೇಗ ಬನ್ನಿ ಎಂದ. ಅತ್ತಿಗೆ ಬರೆದುಕೊಂಡಳು, ಗುಂಡಿ ಒತ್ತಿದಳು, ಹಸಿರು ಗುರುತು ಬಂತು, "ದಾಖಲಾಯ್ತು ಅಜ್ಜ, ಗಾಡಿ ಬರ್ತದೆ" ಎಂದಳು. ಮುದುಕ ಫೋನಿಟ್ಟ ಕ್ಷಣವೇ ಕರೆಂಟು ಹೋಯಿತು. ಬ್ಯಾಟರಿ ಸತ್ತಿದೆ, ಬದಲಿಸಿ ಎಂದು ಯಾರೋ ಕೊಟ್ಟ ಅರ್ಜಿ ಸಾಹೇಬರ ಮೇಜಿನ ಮೇಲೇ ಮಲಗಿತ್ತು. ಇಡೀ ಕಟ್ಟಡ ಕತ್ತಲಾಯಿತು. ಮತ್ತೆ ಬೆಳಕು ಬಂದಾಗ ಬಾಕಿ ಕರೆಗಳ ಪಟ್ಟಿಯಲ್ಲಿ ನೀಲಿ ಗೇಟು ಇರಲಿಲ್ಲ. ಬಾಕಿಯಲ್ಲಿ ಇಲ್ಲ ಎಂದರೆ ಗಾಡಿ ಹೊರಟಿದೆ ಎಂದೇ ಅಲ್ಲಿ ಲೆಕ್ಕ. ಅತ್ತಿಗೆಯೂ ಹಾಗೇ ಅಂದುಕೊಂಡು ಮುಂದಿನ ಫೋನು ಎತ್ತಿದಳು.

ಗಾಡಿ ಹೋಗಲಿಲ್ಲ. ಮುದುಕ ಮತ್ತೆ ಕರೆ ಮಾಡಲೂ ಇಲ್ಲ. ಮಾತು ಕೊಟ್ಟಿದ್ದಾರಲ್ಲ ಎಂದು ಗೇಟಿನ ಹತ್ತಿರ ನಿಂತಿದ್ದನಂತೆ.

ಮುದುಕಿಯ ಸಾವಿನ ವಿಚಾರಣೆಯಲ್ಲಿ, ಫೋನಿನ ಬೇರೆ ಯಂತ್ರದಲ್ಲಿ ಉಳಿದಿದ್ದ ಆ ಕರೆಯ ಧ್ವನಿಯನ್ನು ಎಲ್ಲರ ಮುಂದೆ ಕೇಳಿಸಿದರು. ಕೊನೆಗೆ ಮುದುಕ ಫೋನನ್ನು ಬಾಯಿಂದ ದೂರ ಹಿಡಿದು ಹೆಂಡತಿಗೆ ಹೇಳುವುದೂ ಅದರಲ್ಲಿತ್ತು: "ಬರ್ತಾರಂತೆ. ಸುಮ್ನಿರು, ಬರ್ತಾರಂತೆ." ಯಂತ್ರದಲ್ಲಿ ಕರೆಯ ಗುರುತೇ ಇಲ್ಲ, ಆದ್ದರಿಂದ ಇವಳು ಗುಂಡಿ ಒತ್ತದೆ ಬಾಯಿಮಾತಿಗೆ ದಾಖಲಾಯಿತು ಅಂದಿದ್ದಾಳೆ ಎಂದು ತೀರ್ಮಾನವಾಯಿತು. ಯಂತ್ರ ಸುಳ್ಳು ಹೇಳುತ್ತದೆಯೇ? ಹೆಂಗಸು ಹೇಳಬಹುದು. ಅಂದಿನಿಂದ ಉಗ್ರಾಣ. ಕಪಾಟಿನ ಕೀಲು ಕಿರುಗುಟ್ಟಿದರೂ ಅವಳಿಗೆ "ಬರ್ತಾರಂತೆ" ಎಂದೇ ಕೇಳುತ್ತಿತ್ತು. ಈಚೆಗೆ ಅವಳಿಗೇ ಅನುಮಾನ ಹುಟ್ಟಿತ್ತು. "ಒತ್ತಿದ್ನಾ ಇಲ್ವಾ ಅಂತ ನಂಗೇ ಮರೀತಾ ಇದೆ ಕಣೋ" ಎಂದು ಒಮ್ಮೆ ಊಟದ ಮುಂದೆ ಕೂತು ಹೇಳಿದ್ದಳು. ಅಂದು ಅವಳ ತಟ್ಟೆ ಹಾಗೇ ಉಳಿದಿತ್ತು.

ಈಗ ಅಣ್ಣ ಯಂತ್ರದಲ್ಲಿ ಬದಲಿಸಿಟ್ಟ ಹೊಂದಿಕೆಗಳನ್ನು, ಅಂದರೆ ಸೆಟ್ಟಿಂಗುಗಳನ್ನು, ಬೇರೆ ಊರುಗಳ ಕೇಂದ್ರಗಳಿಗೂ ಹಾಕುವುದೆಂದು ಸಾಹೇಬರು ನಿರ್ಧರಿಸಿದ್ದರು. ಅದಕ್ಕೊಂದು ಅಂಕಿ ಬೇಕಿತ್ತು.

"ಎಲ್ಲ ಒಟ್ಟಿಗೆ ಹಾಕಿ ಒಂದ್ಸಲ ಓಡಿಸಿಬಿಡೋ ಮಾರಾಯ. ಮೂರು ಪಟ್ಟು ಬರ್ತದೆ, ಬರ್ಕೊಂಡು ಬಾ" ಎಂದರು ಸಾಹೇಬರು.

"ಒಟ್ಟಿಗೆ ಹಾಕಿದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ ಸಾರ್."

"ಗೊತ್ತಾಗಿ ಯಾರಿಗೆ ಏನಾಗಬೇಕು? ನಿಮ್ಮಣ್ಣ ಮಾಡಿದ್ದಪ್ಪ ಅದು."

ಅಣ್ಣ ಮಾಡಿದ್ದು ಎಂಬುದಕ್ಕೇ ಅವನು ಒಂದೊಂದಾಗಿ ಮಾಡಲು ಕೂತ. ಹಾಗೆ ಮಾಡುವುದನ್ನು ಕಲಿಸಿದವನೂ ಅಣ್ಣನೇ. ಪ್ರತಿ ಸಲವೂ ಯಂತ್ರಕ್ಕೆ ಅದೇ ದತ್ತಾಂಶದ ಪ್ರತಿಯನ್ನು ಹೊಸದಾಗಿ ತುಂಬಬೇಕು. ಶುರುವಾದ ತಕ್ಷಣದ ಓಟವನ್ನು ಎಸೆಯಬೇಕು, ಏಕೆಂದರೆ ತಣ್ಣಗಿರುವ ಯಂತ್ರ ಎಲ್ಲವನ್ನೂ ಡಿಸ್ಕಿನಿಂದ ಹುಡುಕಿ ತರುತ್ತದೆ, ಮೈ ಬಿಸಿಯಾದ ಮೇಲೆ ಅದೇ ಕೆಲಸ ನೆನಪಿನಿಂದಲೇ ಮುಗಿಯುತ್ತದೆ. ಆಮೇಲೆ ಏನನ್ನೂ ಬದಲಿಸದೆ ಹಲವು ಸಲ ಓಡಿಸಿ, ಅಂಕಿ ತಾನಾಗಿಯೇ ಎಷ್ಟು ಓಲಾಡುತ್ತದೆ ಎಂದು ನೋಡಬೇಕು. ಆ ಓಲಾಟಕ್ಕಿಂತ ಸಣ್ಣ ಲಾಭ ಲಾಭವೇ ಅಲ್ಲ. ನಂತರ ಒಂದೇ ಒಂದು ಹೊಂದಿಕೆ ಬದಲಿಸಿ, ಅಳೆದು, ಅದನ್ನು ವಾಪಸ್ ಇಟ್ಟು, ಮೊದಲಿನ ಅಂಕಿಯೇ ಬರುತ್ತದೆಯೇ ಎಂದು ಮತ್ತೊಮ್ಮೆ ಅಳೆಯಬೇಕು. ಬಾರದಿದ್ದರೆ ಬೇರೇನೋ ಕೈ ಆಡಿಸುತ್ತಿದೆ ಎಂದರ್ಥ, ಮೊದಲಿನಿಂದ ಶುರು ಮಾಡಬೇಕು.

ಅಜ್ಜಿ ಬಿದ್ದಳು, ಎದ್ದಳು, ಮತ್ತೆ ಬಿದ್ದಳು.

ಮೊದಲು ಹೊರಬಿದ್ದದ್ದು ಅಣ್ಣನ ಮೂರು ಪಟ್ಟಿನ ಗುಟ್ಟು. ಯಾವ ಹೊಂದಿಕೆಯನ್ನೂ ಮುಟ್ಟದೆ, ಆಗಷ್ಟೇ ಎದ್ದ ತಣ್ಣನೆಯ ಯಂತ್ರವನ್ನೂ ಬಿಸಿಯಾದ ಅದೇ ಯಂತ್ರವನ್ನೂ ಹೋಲಿಸಿದರೆ ಸುಮಾರು ಅರ್ಧ ಲಾಭ ಪುಕ್ಕಟೆಯಾಗಿ ಕಾಣುತ್ತಿತ್ತು. ಅಣ್ಣ ಮುಂಚಿನದನ್ನು ತಣ್ಣಗಿದ್ದಾಗ, ಆಮೇಲಿನದನ್ನು ಬಿಸಿಯಾದಾಗ ಅಳೆದಿದ್ದ. ಎಲ್ಲ ಹೊಂದಿಕೆಗಳನ್ನೂ ಒಂದೇ ಏಟಿಗೆ ಬದಲಿಸಿದ್ದ. ಮೇಲಿನವರು ಕುತ್ತಿಗೆಯ ಮೇಲೆ ಕೂತಿದ್ದರೇನೋ. ಇವನಿಗೆ ಬೈದು ಬೈದು ಕಲಿಸಿದವನು ತನ್ನ ಸರದಿ ಬಂದಾಗ ಅವಸರಕ್ಕೆ ಬಿದ್ದಿದ್ದ.

ಉಳಿದದ್ದು ಒಂದೊಂದಾಗಿ ಉದುರಿತು. ಹೆಚ್ಚಿನವು ಓಲಾಟದೊಳಗೇ ಕಳೆದುಹೋದವು. ಒಂದಂತೂ ಯಂತ್ರವನ್ನು ನಿಧಾನವೇ ಮಾಡುತ್ತಿತ್ತು. ನೆನಪಿನ ಜಾಗ ಹೆಚ್ಚಿಸಿದ್ದರಿಂದ ಚೂರು ನಿಜವಾದ ಲಾಭ ಬಂತು. ಕೊನೆಯದೊಂದು ಉಳಿಯಿತು. ಅದನ್ನು ಬದಲಿಸಿದೊಡನೆ ಅಂಕಿ ನೆಗೆಯಿತು, ವಾಪಸ್ ಇಟ್ಟರೆ ಬಿತ್ತು, ಮತ್ತೆ ಬದಲಿಸಿದರೆ ಮತ್ತೆ ನೆಗೆಯಿತು. ಅನುಮಾನವೇ ಇಲ್ಲದ ಲಾಭ.

ಅದರ ಅರ್ಥವನ್ನು ಅವನು ಎರಡು ಸಲ ಓದಿದ. ಕರೆಯನ್ನು ಡಿಸ್ಕಿಗೆ ಬರೆದು ಮುಗಿಸುವ ತನಕ ಕಾಯದೆ, ಕೈಗೆ ಸಿಕ್ಕ ಕೂಡಲೇ 'ದಾಖಲಾಯಿತು' ಎಂದು ಹೇಳಿಬಿಡುವ ಹೊಂದಿಕೆ ಅದು. ಬರೆಯುವ ಕೆಲಸವನ್ನು ಒಟ್ಟುಮಾಡಿಕೊಂಡು ಹತ್ತು ಸೆಕೆಂಡಿಗೊಮ್ಮೆ ಮಾಡುತ್ತಿತ್ತು. ಹಸಿರು ಗುರುತಿಗೂ ಬರಹಕ್ಕೂ ನಡುವೆ ಒಂದು ಸಂದು ಇತ್ತು. ಆ ಸಂದಿನಲ್ಲಿ ಕರೆಂಟು ಹೋದರೆ?

ಅವನು ತಿಂಗಳಿಂದ ಸುರಿಯುತ್ತಿದ್ದ ಆ ದಿನ ಕರೆಂಟು ಹೋದ ದಿನವೇ. ತುಂಬ ಕರೆಗಳಿದ್ದ ದಿನವೆಂದು ಆರಿಸಿಕೊಂಡಿದ್ದ. ಅಜ್ಜಿ, ಲಾರಿ, ಬಸುರಿ ಎಲ್ಲರೂ ಅದರಲ್ಲಿದ್ದರು. ನೀಲಿ ಗೇಟು ಇರಲಿಲ್ಲ. ಇಷ್ಟು ದಿನ ಅವನು ಓಡಿಸಿದ ಓಟದಲ್ಲೆಲ್ಲ ಒಂದು ಜಾಗ ಖಾಲಿ ಇತ್ತು.

ಅವನು ಗೋಡೆ ಬಡಿದ. ಅತ್ತಿಗೆ ಬಂದಳು, ಸೆರಗಿಗೆ ಹಳೆ ಕಾಗದದ ಧೂಳು.

"ಏನೋ?"

"ಕೂತ್ಕೊಳ್ಳಿ ಅತ್ತಿಗೆ. ಆವತ್ತು ಬರೆದದ್ದನ್ನೇ ಇಲ್ಲಿ ಬರೀರಿ. ಗುಂಡಿ ಒತ್ತಿ, ಹಸಿರು ಬಂದ ಕೂಡ್ಲೇ ಹೂಂ ಅನ್ನಿ."

ಅವಳು ಯಾಕೆಂದು ಕೇಳಲಿಲ್ಲ, ಬರೆದಳು. ವಿಳಾಸವನ್ನು ನೆನಪಿಸಿಕೊಳ್ಳಬೇಕಾಗಿಯೇ ಇರಲಿಲ್ಲ. ವಯಸ್ಸಾದ ಹೆಂಗಸು, ಉಸಿರಾಟದ ತೊಂದರೆ, ನೀಲಿ ಗೇಟು. ಗುಂಡಿ ಒತ್ತಿದಳು. ಹಸಿರು. "ಹೂಂ."

ಅವನು ದಾಖಲೆಯ ಯಂತ್ರದ ಪ್ಲಗ್ಗು ಕಿತ್ತ. ಫ್ಯಾನಿನ ಸದ್ದು ನಿಂತಿತು. ಅವಳ ಮುಂದಿದ್ದ ಕಂಪ್ಯೂಟರಿನಲ್ಲಿ ಹಸಿರು ಗುರುತು ಮಾತ್ರ ಹಾಗೇ ಹೊಳೆಯುತ್ತಿತ್ತು, ಹೆಣದ ಪಕ್ಕದಲ್ಲಿ ಉರಿಯುವ ದೀಪದಂತೆ.

ಯಂತ್ರ ಎದ್ದು, ಅಣ್ಣನ ಹೆಸರಿನಲ್ಲಿ ಸ್ವಾಗತ ಹೇಳಿತು. ಪಟ್ಟಿ ತೆರೆದರು. ನೀಲಿ ಗೇಟು ಇರಲಿಲ್ಲ.

ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಹೇಳಿದಳು: "ಇನ್ನೊಂದ್ಸಲ."

ಅವನು ಅದೊಂದೇ ಹೊಂದಿಕೆಯನ್ನು ಹಳೆಯದಕ್ಕೆ ತಂದ. ಬೇರೇನನ್ನೂ ಮುಟ್ಟಲಿಲ್ಲ. ಹಸಿರು ಬರುವುದು ತುಸು ತಡವಾಯಿತು, ಕಣ್ಣಿಗೆ ಕಾಣದಷ್ಟು. ಹೂಂ. ಪ್ಲಗ್ಗು. ಈ ಸಲ ನೀಲಿ ಗೇಟು ಇತ್ತು.

ಹಾಗೆ ಮಧ್ಯಾಹ್ನವೆಲ್ಲ ಮಾಡಿದರು, ಆಚೆಗೊಮ್ಮೆ ಈಚೆಗೊಮ್ಮೆ. ಅಣ್ಣನ ಹೊಂದಿಕೆಯಲ್ಲಿ ಮುದುಕನ ಕರೆ ಮಾಯವಾಗುತ್ತಲೇ ಇತ್ತು. ಒಂದು ಸಲ ಮಾತ್ರ ಉಳಿಯಿತು, ಪ್ಲಗ್ಗು ಕೀಳುವ ಮುಂಚೆಯೇ ಬರೆಯುವ ಹೊತ್ತು ಬಂದುಬಿಟ್ಟಿತ್ತು.

"ಇದನ್ನೂ ಬರೀತೀಯಾ?" ಎಂದಳು ಅತ್ತಿಗೆ.

"ಬರೀಬೇಕು. ಇದೊಂದನ್ನ ಬಿಟ್ರೆ ಉಳಿದದ್ದೂ ಸುಳ್ಳಾಗ್ತದೆ."

"ನಿಮ್ಮಣ್ಣನ ಬಾಯಿ ನಿಂದು." ಅವಳು ಪರದೆಯ ಮೇಲಿನ ಹೆಸರನ್ನು ನೋಡುತ್ತ ಕೂತಳು. "ಅವ್ರಿಗೆ ಗೊತ್ತಿತ್ತೇನೋ? ವಿಚಾರಣೆ ದಿನ ಮನೆಗೆ ಬಂದು ನನ್ನ ಮುಖಾನೇ ನೋಡ್ಲಿಲ್ಲ. ನಾನು ತಪ್ಪು ಮಾಡ್ದೆ ಅಂತ ಸಿಟ್ಟು ಅಂದ್ಕೊಂಡಿದ್ದೆ."

ಅದನ್ನು ಅಳೆಯಲು ಅಣ್ಣ ಇರಬೇಕಿತ್ತು.

ಸಾಹೇಬರು ಬಂದು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಅತ್ತಿಗೆಯತ್ತ ನೋಡಲಿಲ್ಲ.

"ಸತ್ತವನ ಹೆಸರು ಕೆಡಿಸ್ತೀಯೇನೋ? ಒಡಹುಟ್ಟಿದವನು."

"ಬದುಕಿರೋರ ಹೆಸರು ಕೆಡಿಸಿದ್ದು ಯಾರು ಸಾರ್? ಇದನ್ನ ಬೇರೆ ಊರಿಗೂ ಕಳಿಸ್ತೀರಲ್ಲ, ಅಲ್ಲೆಲ್ಲ ಎಷ್ಟು ಜನ ಗೇಟಿನ ಹತ್ರ ನಿಂತಿರಬೇಕು?"

"ಮೆಲ್ಲಗೆ ಮಾತಾಡು. ಆ ಹೊಂದಿಕೆ ತೆಗೆದುಬಿಡೋಣ, ಸದ್ದಿಲ್ಲದೆ. ವರದಿಯಲ್ಲಿ ಯಾಕೆ?"

"ಬರಿ" ಎಂದಳು ಅತ್ತಿಗೆ. ಹೇಳಿದ್ದು ಮೈದುನನಿಗೆ, ಕೇಳಿಸಿದ್ದು ಸಾಹೇಬರಿಗೆ. "ನಿಮ್ಮಣ್ಣನ ಹೆಸರೂ ಬರಿ. ಬ್ಯಾಟರಿ ಅರ್ಜಿ ಯಾರ ಮೇಜಿನ ಮೇಲಿತ್ತು ಅಂತಾನೂ ಬರಿ. ನಾನು ಗುಂಡಿ ಒತ್ತಿದ್ದೆ ಅಂತ ಬರಿ."

ಸಾಹೇಬರು ಬಾಗಿಲಿನ ಫೋಟೋದ ಕಡೆ ಒಮ್ಮೆ ನೋಡಿ ಹೊರಟುಹೋದರು.

ಗಡಿಯಾರ ಬರೆದ. ಯಾವ ಹೊಂದಿಕೆ, ಹೇಗೆ ಅಳೆದದ್ದು, ಬೇರೆ ಯಾರಾದರೂ ಇದನ್ನೇ ಮತ್ತೆ ಮಾಡಿ ನೋಡಬೇಕೆಂದರೆ ಹೇಗೆ, ಎಲ್ಲ. ಬರೆದು ಎಲ್ಲ ಕೇಂದ್ರಗಳಿಗೂ ಕಳಿಸಿದ. ಮತ್ತೆ ಯಂತ್ರದತ್ತ ಬಂದ. ನಾಳೆಯ ಓಟಕ್ಕೆ ಹಳೆಯ ದತ್ತಾಂಶದ ಪ್ರತಿ ತುಂಬಬೇಕಿತ್ತು. ತುಂಬಿದರೆ ಈಗಿರುವುದೆಲ್ಲ ಅಳಿಸಿಹೋಗುತ್ತದೆ.

ಕೊನೆಯ ಸಲ ಉಳಿದಿದ್ದ ಕರೆ ಪಟ್ಟಿಯ ತುದಿಯಲ್ಲಿತ್ತು. ವಯಸ್ಸಾದ ಹೆಂಗಸು, ನೀಲಿ ಗೇಟು, ಬಾಕಿ. ಇದು ಪರೀಕ್ಷೆಯ ಯಂತ್ರ, ಇಲ್ಲಿಂದ ಯಾವ ಗಾಡಿಯೂ ಹೊರಡುವುದಿಲ್ಲ.

"ಅಳಿಸ್ಬೇಕು ಅತ್ತಿಗೆ."

"ಗೊತ್ತು." ಅವಳು ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡಳು. "ಸ್ವಲ್ಪ ಹೊತ್ತು ಇರ್ಲಿ. ಬರ್ತಾರೆ ಅಂತ ಕಾಯ್ತಾ ಇದ್ದಾರಲ್ಲ."

ಅವನು ಪಕ್ಕದಲ್ಲಿ ಕೂತ. ಫ್ಯಾನು ತಿರುಗುತ್ತಿತ್ತು. ಅಂದು ಮೊದಲ ಸಲ ಅವನು ಹೊತ್ತು ಎಷ್ಟಾಯಿತೆಂದು ನೋಡಲಿಲ್ಲ.