ಬನಶಂಕರಮ್ಮನ ಸ್ಟೂಲು

ಏಳು ತಿಂಗಳಿಂದ ಬನಶಂಕರಮ್ಮ ಒಂದಕ್ಕಾಗಿಯೇ ಕಾದಿದ್ದಳು. ಕೇಶವಯ್ಯನ ಮುಖ ಇಳಿಯುವುದನ್ನು ನೋಡಬೇಕು, ಅದೂ ನಲವತ್ತು ಹೆಂಗಸರ ಎದುರಿಗೆ.

ನಲವತ್ತು ಹೆಂಗಸರ ಎದುರಿಗೇ ಅವನು ಅವಳ ಮಾನ ಕಳೆದಿದ್ದ. ಹಿಂದೂಪುರದ ಆ ರೇಷ್ಮೆ ಶೆಡ್ಡಿನಲ್ಲಿ ಬಿಸಿನೀರಿನ ಬೇಸಿನ್ನಿಂದ ಗೂಡಿನ ಎಳೆ ತೆಗೆಯುವವರೆಲ್ಲ ಹೆಂಗಸರು. ಶೆಡ್ಡಿನ ಮೂಲೆಯಲ್ಲಿದ್ದ ಅವರ ಕಕ್ಕಸಿನ ಬೀಗದ ಕೈ ಮಾತ್ರ ಮೇಸ್ತ್ರಿ ಕೇಶವಯ್ಯನ ಜೇಬಿನಲ್ಲಿ. ಕೇಳಲು ಹೋದವಳನ್ನು ಮೇಲಿಂದ ಕೆಳಗೆ ನೋಡಿ, "ಎಂದುಕಮ್ಮಾ?" ಎಂದು ತೆಲುಗಿನಲ್ಲಿ ಕೇಳುತ್ತಿದ್ದ. ಯಾತಕ್ಕೆ ಅಂತ ಅವನಿಗೆ ಗೊತ್ತು. ಅವಳು ತಲೆ ತಗ್ಗಿಸಿ "ಹೊಟ್ಟೆನೋವು" ಅಂದರೆ ಅವನ ಮೀಸೆಯಡಿ ಒಂದು ನಗು ಹಾದುಹೋಗುತ್ತಿತ್ತು.

ಏಳು ತಿಂಗಳ ಹಿಂದೆ ಒಂದು ದಿನ, ಎರಡು ತಿಂಗಳು ನಿಂತಿದ್ದ ಮುಟ್ಟು ಬನಶಂಕರಮ್ಮನಿಗೆ ಒಮ್ಮೆಗೇ ಹರಿದಿತ್ತು. ಮೂರು ಸಲ ಹೋಗಿ ಕೇಳಿದಳು. "ಈ ವಯಸ್ಸಲ್ಲಿ ಏನಮ್ಮ ನಿಂದು?" ಎಂದು ಮೂರು ಸಲವೂ ಅಟ್ಟಿದ. ನಾಲ್ಕನೆಯ ಸಲ ಎದ್ದಾಗ ಸ್ಟೂಲು ಕೆಂಪಾಗಿತ್ತು. ಅದನ್ನು ಅವಳ ಕೈಲೇ ಹೊರಿಸಿ, ಸಾಲುಗಳ ನಡುವೆ ನಲ್ಲಿಯವರೆಗೆ ನಡೆಸಿ, ನಿಂತು ತೊಳೆಸಿದ. "ಆಚೆ ಬಿಸಾಕು. ಮೈಲಿಗೆ ಸ್ಟೂಲು ನನ್ನ ಶೆಡ್ಡಿಗೆ ಬೇಡ."

ಅವಳು ಬಿಸಾಡಲಿಲ್ಲ. ನಲ್ಲಿಯ ಹಿಂದೆ ಗೋಡೆಗೆ ಒರಗಿಸಿಟ್ಟಳು. ಅಂದಿನಿಂದ ಮಗುಚಿದ ಡಬ್ಬದ ಮೇಲೆ ಕೂತು ನೂಲು ತೆಗೆದಳು.

ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ ಮಾತ್ರೆ ಬರೆದುಕೊಟ್ಟ ದಿನ ನರ್ಸಮ್ಮ ಗಂಗಾದೇವಿಯ ಪರಿಚಯವಾಯಿತು. ಆಕೆ ಕಲ್ಯಾಣದುರ್ಗದ ಕಡೆಯವಳು, ಜೋರು ಬಾಯಿ. ಶೆಡ್ಡಿನ ಸಾಹುಕಾರ ಜಯರಾಮಪ್ಪನನ್ನು ಒಪ್ಪಿಸಿ, ಊಟದ ನಂತರ ಅರ್ಧ ಗಂಟೆ ಹೆಂಗಸರ ಆರೋಗ್ಯದ ಸಭೆ ಗೊತ್ತುಮಾಡಿದಳು.

"ನಾನು ಹೇಳಿದರೆ ತಲೆಯಾಡಿಸಿ ಮರೀತಾರೆ. ನೀನೇ ಮಾತಾಡು," ಅಂದಳು ಬನಶಂಕರಮ್ಮನಿಗೆ.

"ನಂಗೆ ಮಾತು ಬರಲ್ಲ ಕಣಮ್ಮ."

"ಬೈಯೋಕೆ ಬತ್ತದಾ?"

"ಅದು ಚೆನ್ನಾಗಿ ಬತ್ತದೆ."

"ಅಷ್ಟು ಸಾಕು. ಬೈಬೇಡ ಅಷ್ಟೆ."

ಸಭೆಯ ದಿನ ಶೆಡ್ಡಿನ ಒಂದೇ ಕುರ್ಚಿಯಲ್ಲಿ ಜಯರಾಮಪ್ಪ ಕೂತಿದ್ದ. ಕೇಶವಯ್ಯ ಬಾಗಿಲಲ್ಲಿ ನಿಂತಿದ್ದ. ಬನಶಂಕರಮ್ಮ ಎದ್ದಾಗ ಅದೇ ನಗು ಅವನ ಮೀಸೆಯಡಿ ಬಂತು. ಅದನ್ನು ಕಂಡದ್ದೇ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಅಕ್ಕಂದಿರಾ, ನಂಗೆ ನಲವತ್ತೆಂಟು. ಮುಟ್ಟು ನಿಲ್ಲೋ ಕಾಲ."

ಗಂಡಸರ ಎದುರು ಆ ಮಾತು ಆ ಶೆಡ್ಡಿನಲ್ಲಿ ಯಾವತ್ತೂ ಕೇಳಿಬಂದಿರಲಿಲ್ಲ. ಜಯರಾಮಪ್ಪ ತನ್ನ ಚಪ್ಪಲಿ ನೋಡಿಕೊಂಡ.

"ಒಂದು ತಿಂಗಳು ಬರಲ್ಲ, ಇನ್ನೊಂದು ತಿಂಗಳು ಕಟ್ಟೆ ಒಡೆದಂಗೆ ಬತ್ತದೆ. ಬೇಸಿನ್ ಮುಂದೆ ಕೂತ್ರೆ ಒಳಗಿಂದ್ಲೂ ಬೆಂಕಿ. ನಿದ್ದೆ ಇಲ್ಲ. ಹುಚ್ಚು ಹಿಡೀತು ಅನ್ಕೊಂಡಿದ್ದೆ. ಹುಚ್ಚಲ್ಲವಂತೆ, ಎಲ್ಲರಿಗೂ ಬರೋ ಕಾಲವಂತೆ. ಆದ್ರೆ ತೀರಾ ಜಾಸ್ತಿ ಹೋದ್ರೆ ಡಾಕ್ಟರಿಗೆ ತೋರಿಸ್ಬೇಕು. ಪೂರ್ತಿ ಒಂದು ವರ್ಷ ನಿಂತಿದ್ದು ಮತ್ತೆ ಒಂದು ಹನಿ ಕಂಡ್ರೂ ತೋರಿಸ್ಬೇಕು. ಇದನ್ನ ನಮ್ಮವ್ವ ನಂಗೆ ಹೇಳಲಿಲ್ಲ, ನಾನು ನನ್ನ ಮಗಳಿಗೆ ಹೇಳಿಲ್ಲ. ಮುಟ್ಟಿನ ಬಟ್ಟೆ ಒಣಗಿಸೋದೂ ಸೀರೆ ಕೆಳಗೆ, ಕಳ್ಳರಂಗೆ. ಬಿಸಿಲಿಗೆ ಹಾಕಿ. ಒಬ್ಬರಿಗೊಬ್ಬರು ಹೇಳ್ಕೊಳ್ಳಿ."

ಆಮೇಲೆ ಬಾಗಿಲ ಕಡೆ ತಿರುಗಿದಳು.

"ಕೇಶವಯ್ಯನೋರು ಪಾಪ, ದಿನಾ ಕೇಳ್ತಾರೆ, ಎಂದುಕಮ್ಮಾ ಅಂತ. ನಾವು ಸುಳ್ಳು ಹೇಳ್ತಾ ಬಂದ್ಬುಟ್ವಿ. ಇನ್ನು ನಿಜ ಹೇಳಾನ. ಗಟ್ಟಿಯಾಗಿ, ಅವರಿಗೆ ಕೇಳೋ ಹಂಗೆ."

ಮೊದಲು ಎದ್ದವಳು ಸಣ್ಣಕ್ಕ. ನೇರ ಹೋಗಿ ಕೈಚಾಚಿದಳು. "ಬೀಗದ ಕೈ ಕೊಡಿ. ಮುಟ್ಟಾಗಿದೀನಿ, ಎರಡನೇ ದಿನ."

ಅವಳ ಹಿಂದೆ ಮುದುಕಿ ನಾರಮ್ಮ. "ನಂದು ನಿಂತು ಹತ್ತು ವರ್ಷ ಕಣಯ್ಯ. ಕೆಮ್ಮಿದ್ರೆ ಉಚ್ಚೆ ತಡೆಯಾಕಾಗಲ್ಲ. ಕೇಳಲ್ವಾ, ಎಂದುಕು ಅಂತ?"

ನಗು ಶೆಡ್ಡಿನ ತಗಡಿಗೆ ಬಡಿಯಿತು. ಒಬ್ಬೊಬ್ಬರೇ ಎದ್ದು ಸಾಲಿಗೆ ಸೇರಿದರು. ಕೇಶವಯ್ಯನ ಕಿವಿ ಕೆಂಪಾಯಿತು.

"ಸಾಕು ಕಣಪ್ಪ," ಎಂದು ಜಯರಾಮಪ್ಪನೇ ತಡೆಯಲಾರದೆ ಕುರ್ಚಿಯಲ್ಲಿ ಕೂತೇ ಕೂಗಿದ. "ಆ ಬೀಗದ ಕೈನ ಕಕ್ಕಸಿನ ಬಾಗಿಲ ಮೇಲೆ ಮೊಳೆ ಹೊಡೆದು ನೇತಾಕು. ಅವರೇ ತಗೊಳ್ಳಲಿ. ಈಗಲೇ, ನನ್ನ ಮುಂದೆ."

ಗೋಡೆ ಕಲ್ಲುಚಪ್ಪಡಿಯದು, ಬಾಗಿಲು ತಗಡಿನದು, ಮೊಳೆ ಇಳಿಯುವುದು ಬಾಗಿಲ ಮೇಲಿನ ಮರಕ್ಕೆ ಮಾತ್ರ. ಕೇಶವಯ್ಯ ಕುಳ್ಳ. ತುದಿಗಾಲಲ್ಲಿ ನಿಂತ, ಸುತ್ತಿಗೆ ಎಟುಕಲಿಲ್ಲ. ಸ್ಟೂಲಿಗಾಗಿ ತಿರುಗಿ ನೋಡಿದ. ಸಾಲಿನಲ್ಲಿದ್ದವರೆಲ್ಲ ಅಷ್ಟರಲ್ಲಿ ತಮ್ಮ ತಮ್ಮ ಸ್ಟೂಲಿನ ಮೇಲೆ ಕೂತಾಗಿತ್ತು. ಯಾರೂ ಏಳಲಿಲ್ಲ.

ಬನಶಂಕರಮ್ಮ ನಲ್ಲಿಯ ಹಿಂದಿನಿಂದ ತನ್ನದನ್ನು ತಂದು ಅವನ ಕಾಲ ಬಳಿ ಇಟ್ಟಳು.

"ಹತ್ತಿ ಸ್ವಾಮಿ. ತೊಳೆದಿದೀನಿ. ನೀವೇ ನಿಂತು ತೊಳೆಸಿದ್ರಲ್ಲ."

ಅವನು ಸ್ಟೂಲು ನೋಡಿದ, ಸಾಹುಕಾರನನ್ನು ನೋಡಿದ. ಸಾಹುಕಾರ ಗಡಿಯಾರ ನೋಡುತ್ತಿದ್ದ. ಕೇಶವಯ್ಯ ಹತ್ತಿದ. ಸ್ಟೂಲು ಅಲುಗಿತು, ಅವಳು ಹಿಡಿದುಕೊಳ್ಳಲಿಲ್ಲ. ನಾಲ್ಕು ಏಟಿಗೆ ಮೊಳೆ ಕೂತಿತು. ಎಲ್ಲರಿಗೂ ಎಟುಕುವಂತೆ ಉದ್ದ ದಾರದಲ್ಲಿ ಬೀಗದ ಕೈ ತೂಗಿಹಾಕಿ ಇಳಿಯಲು ಕಾಲು ಕೆಳಗೆ ಚಾಚಿದ.

"ಇನ್ನೆರಡು ಏಟು ಹಾಕಿ," ಅಂದಳು ಬನಶಂಕರಮ್ಮ. "ಸಡಿಲ ಐತೆ."

ಮೊಳೆ ಸಡಿಲವಾಗಿರಲಿಲ್ಲ. ಅವನು ಮತ್ತೆ ಸುತ್ತಿಗೆ ಎತ್ತಿದ.